ಗಣಪತಿಗೆ ಬೆದೆ, ದೀಪಾವಳಿಗೆ ಬಾಯಾರಿಕೆ: ವಯಸ್ಸಾದ ಹೆಣ್ಣು ನಾಯಿಯ ಗರ್ಭಕೋಶದಲ್ಲಿ ಕೀವು ತುಂಬಿದಾಗ

ಮುಂಬೈಯಲ್ಲಿ ದೀಪಾವಳಿಯ ವಾರ ನಾಯಿ ಮಂಕಾದರೆ ಮನೆಯವರೆಲ್ಲ ಪಟಾಕಿಯನ್ನು ಬೈಯುತ್ತಾರೆ. ನೀರು ಜಾಸ್ತಿ ಕುಡಿದರೆ ಅಕ್ಟೋಬರ್ ಸೆಕೆ ಅನ್ನುತ್ತಾರೆ. ಎರಡೂ ಎಷ್ಟೋ ಸಲ ನಿಜವೇ. ಆದರೆ ಸ್ಪೇ, ಅಂದರೆ ಮರಿಯಾಗದಂತೆ ಮಾಡುವ ಆಪರೇಷನ್, ಮಾಡಿಸದ, ಆರೇಳು ವರ್ಷ ದಾಟಿದ ಹೆಣ್ಣು ನಾಯಿ ಮನೆಯಲ್ಲಿದ್ದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕೊನೆಯ ಸಲ ಅದು ಬೆದೆಗೆ ಬಂದದ್ದು ಯಾವಾಗ?

ನಾನು ಪಶುವೈದ್ಯ. ಮುಂಬೈಯಲ್ಲಿ ನನ್ನ ಹತ್ತಿರ ಬರುವವರಲ್ಲಿ ಕನ್ನಡ ಮಾತಾಡುವ ಮನೆಗಳು ಬಹಳ. ಗಣಪತಿ ಹಬ್ಬದಿಂದ ದೀಪಾವಳಿಗೆ ಹೆಚ್ಚುಕಡಿಮೆ ಎಂಟು ವಾರ. ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ, ಸಾಮಾನ್ಯವಾಗಿ ಬೆದೆ ಮುಗಿದ ನಾಲ್ಕರಿಂದ ಎಂಟು ವಾರದೊಳಗೆ ತಲೆ ಎತ್ತುತ್ತದೆ. ಹಾಗಾಗಿ ಗಣಪತಿಯ ಹೊತ್ತಿಗೆ ಬೆದೆಗೆ ಬಂದ ನಾಯಿಗೆ ಅಪಾಯದ ವಾರಗಳು ಸರಿಯಾಗಿ ಪಟಾಕಿ, ಸೆಕೆ, ಮನೆ ತುಂಬ ನೆಂಟರು ಇರುವ ಹೊತ್ತಿಗೇ ಬೀಳುತ್ತವೆ. ನಾಯಿಗಳು ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಹುದು, ಲೆಕ್ಕ ಮಾತ್ರ ಇದೇ. ಆದರೆ ಕಾಯಿಲೆಯನ್ನು ಬೇರೆ ಏನೋ ಅಂದುಕೊಳ್ಳಲು ಈ ಋತುವಿನಷ್ಟು ನೆಪ ಇನ್ಯಾವ ಕಾಲದಲ್ಲೂ ಸಿಗುವುದಿಲ್ಲ.

ಬೆದೆ ಮುಗಿದ ಮೇಲೆ ಒಳಗೆ ನಡೆಯುವುದೇನು

ಬೆದೆಯಲ್ಲಿದ್ದಾಗ ಗರ್ಭಕೋಶದ ಬಾಯಿ ತೆರೆದಿರುತ್ತದೆ. ನಾಯಿಯ ಮಲದಲ್ಲೇ ಇರುವ ಬ್ಯಾಕ್ಟೀರಿಯಾ, ಹೆಚ್ಚಾಗಿ ಇ. ಕೋಲಿ, ಆಗ ಒಳಗೆ ಸೇರಿಕೊಳ್ಳುತ್ತದೆ. ಬೆದೆ ಮುಗಿದ ಮೇಲೆ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಜೋರಾಗಿರುತ್ತದೆ. ಗಂಡಿನ ಜತೆ ಕೂಡಿರಲಿ, ಬಿಟ್ಟಿರಲಿ, ಮರಿ ನಿಂತಿರಲಿ, ನಿಲ್ಲದಿರಲಿ, ನಾಯಿಯ ದೇಹ ಈ ಎರಡು ತಿಂಗಳು ಮರಿ ಇದೆ ಎಂದೇ ನಡೆದುಕೊಳ್ಳುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಅದರಿಂದ ದ್ರವ ಒಸರುತ್ತದೆ. ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗಿದ್ದದ್ದನ್ನು ಹೊರಗೆ ತಳ್ಳುವ ಸ್ನಾಯು ಸುಮ್ಮನಾಗುತ್ತದೆ. ಅಲ್ಲಿನ ರೋಗನಿರೋಧಕ ಶಕ್ತಿಯೂ ತಗ್ಗುತ್ತದೆ. ಇದೆಲ್ಲ ಮರಿಯನ್ನು ಕಾಪಾಡಲು ಇರುವ ಏರ್ಪಾಡು. ಮರಿ ಇಲ್ಲದೆ ಬರೀ ಬ್ಯಾಕ್ಟೀರಿಯಾ ಇದ್ದರೆ ಅದಕ್ಕೂ ಅಷ್ಟೇ ಅನುಕೂಲ.

ಪ್ರತಿ ಬೆದೆಯ ನಂತರ ಒಳಪದರ ಹೀಗೆ ಉಬ್ಬಿ ಉಬ್ಬಿ, ವಯಸ್ಸಾದಂತೆ ಅದರಲ್ಲಿ ನೀರುಗುಳ್ಳೆಗಳು ಉಳಿದುಬಿಡುತ್ತವೆ. ವಯಸ್ಸಾದ ನಾಯಿಗೇ ಇದು ಜಾಸ್ತಿ ಬರುವುದು ಅದಕ್ಕೆ. ಎಳೆಯ ನಾಯಿಗೆ ಬರುವುದೇ ಇಲ್ಲ ಅಂತಲ್ಲ. ಬೆದೆ ನಿಲ್ಲಿಸಲು, ಇಲ್ಲವೇ ಬೇಡದ ಗರ್ಭ ತಪ್ಪಿಸಲು ಹಾರ್ಮೋನು ಇಂಜೆಕ್ಷನ್ ಕೊಡಿಸಿದ್ದರೆ ಸಣ್ಣ ವಯಸ್ಸಿನಲ್ಲೂ ಬರಬಹುದು. ಸ್ವೀಡನ್ನಿನಲ್ಲಿ ಆರೋಗ್ಯವಾಗಿರುವ ನಾಯಿಗೆ ಸ್ಪೇ ಮಾಡಿಸುವ ರೂಢಿ ಕಡಿಮೆ. ಅಲ್ಲಿನ ವಿಮೆ ದಾಖಲೆಗಳನ್ನು ನೋಡಿದಾಗ, ಹತ್ತು ವರ್ಷ ತುಂಬುವುದರೊಳಗೆ ಸುಮಾರು ನಾಲ್ಕರಲ್ಲಿ ಒಂದು ಹೆಣ್ಣು ನಾಯಿಗೆ ಈ ಕಾಯಿಲೆ ಬಂದಿತ್ತು.

ರಾಣಿಯ ಎಂಟು ವಾರ

ಮುಲುಂಡಿನ ಒಂದು ಮನೆಯ ರಾಣಿ ಹತ್ತು ವರ್ಷದ ಬಿಳಿ ಸ್ಪಿಟ್ಜ್, ತೂಕ 9 ಕಿಲೋ. ಮರಿ ಹಾಕಿಲ್ಲ, ಆಪರೇಷನ್ ಆಗಿಲ್ಲ. ಗಣಪತಿ ತಂದ ವಾರವೇ ಅವಳು ಬೆದೆಗೆ ಬಂದಿದ್ದಳು. ಅದು ಮನೆಯ ಅಕ್ಕನಿಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ಪೂಜೆಯ ಕೋಣೆಗೆ ಅವಳನ್ನು ಬಿಡದಂತೆ ಕಾಯುವುದೇ ಒಂದು ಕೆಲಸವಾಗಿತ್ತು.

ದಸರಾ ಮುಗಿಯುವವರೆಗೂ ಎಲ್ಲ ಸರಿಯಾಗಿತ್ತು. ಆಮೇಲೆ ಬಟ್ಟಲು ಬೇಗ ಬೇಗ ಖಾಲಿಯಾಗತೊಡಗಿತು. ಹತ್ತು ವರ್ಷದಲ್ಲಿ ಒಮ್ಮೆಯೂ ಮನೆಯೊಳಗೆ ಗಲೀಜು ಮಾಡದ ನಾಯಿ ರಾತ್ರಿ ಬಾಲ್ಕನಿಯಲ್ಲಿ ಉಚ್ಚೆ ಹೊಯ್ದಿತು. ವಯಸ್ಸಾಯ್ತಲ್ಲ ಅಂದುಕೊಂಡರು. ಧನತ್ರಯೋದಶಿಯ ದಿನ ಊಟ ಅರ್ಧ ಬಿಟ್ಟಳು. ಮಂಚದ ಕೆಳಗೆ ಹೋಗಿ ಕೂತಳು. ಹೊರಗೆ ಪಟಾಕಿ ಶುರುವಾಗಿತ್ತು. ಅದೇ ದಿನ ಹಾಸಿಗೆಯ ಮೇಲೆ ಕಂದು ಬಣ್ಣದ, ಕೆಟ್ಟ ವಾಸನೆಯ ಒಂದು ಕಲೆ ಕಂಡಿತು. ಮಾರನೇ ದಿನ ಕಲೆ ಇರಲಿಲ್ಲ, ಮನೆಯವರು ಸಮಾಧಾನಪಟ್ಟರು. ಲಕ್ಷ್ಮೀಪೂಜೆಯ ಬೆಳಿಗ್ಗೆ ಎರಡು ಸಲ ವಾಂತಿ ಮಾಡಿದಳು. ಅಕ್ಕ ಫೋನ್ ಮಾಡಿದರು.

"ಡಾಕ್ಟ್ರೇ, ಪಟಾಕಿಗೆ ಹೆದರಿ ಹೊಟ್ಟೆ ಕೆಟ್ಟಿರಬೇಕು. ಏನಾದ್ರೂ ಸಿರಪ್ ಹೇಳ್ತೀರಾ?"

"ಅಕ್ಕ, ಹೀಟ್‌ಗೆ ಬಂದು ಎಷ್ಟು ದಿನ ಆಯ್ತು?"

"ಗಣಪತಿಗೆ ಬಂದಿದ್ಲಲ್ಲ."

"ನೀರು?"

"ಅದೊಂದು ಕೇಳ್ಬೇಡಿ. ಬಾತ್‌ರೂಮ್ ಬಕೆಟ್‌ಗೂ ಬಾಯಿ ಹಾಕ್ತಾಳೆ."

ಸಿರಪ್ ಮಾತು ಅಲ್ಲಿಗೆ ಮುಗಿಯಿತು. ಕೂಡಲೇ ಕರೆದುಕೊಂಡು ಬರಲು ಹೇಳಿದೆ.

ಈ ಕತೆಯಲ್ಲಿ ಜನ ತಪ್ಪಾಗಿ ಓದುವುದು ಮುಖ್ಯವಾಗಿ ಆ ಕಲೆಯನ್ನು. ಸ್ರಾವ ಕಂಡರೆ ಗಾಬರಿಯಾಗುತ್ತಾರೆ, ನಿಂತರೆ ವಾಸಿಯಾಯಿತು ಅನ್ನುತ್ತಾರೆ. ನಿಜಾಂಶ ಉಲ್ಟಾ. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಸ್ವಲ್ಪವಾದರೂ ಹೊರಗೆ ಬರುತ್ತದೆ. ಬಾಯಿ ಮುಚ್ಚಿಕೊಂಡರೆ ಎಲ್ಲವೂ ಒಳಗೇ ಶೇಖರವಾಗುತ್ತದೆ, ಗರ್ಭಕೋಶ ಉಬ್ಬುತ್ತದೆ, ಅದು ಒಡೆದರೆ ಕೀವು ಹೊಟ್ಟೆಯೊಳಗೆಲ್ಲ ಹರಡುತ್ತದೆ. ಸ್ರಾವವೇ ಕಾಣದ, ಆದರೆ ಮಂಕಾಗಿ ವಾಂತಿ ಮಾಡುವ ನಾಯಿ ಸ್ರಾವ ಇರುವ ನಾಯಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಮನೆಯಲ್ಲಿ ನೋಡಬೇಕಾದದ್ದು

ಮೊದಲು ಕ್ಯಾಲೆಂಡರ್. ಬೆದೆಯ ರಕ್ತ ಮೊದಲು ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಅಲ್ಲಿಂದ ಹನ್ನೆರಡು ವಾರ ಮುಂದಕ್ಕೆ ಎಣಿಸಿ ಇನ್ನೊಂದು ಗುರುತು ಹಾಕಿ. ಈ ಎರಡು ಗುರುತುಗಳ ನಡುವೆ ನಾಯಿಯಲ್ಲಿ ಕಾಣುವ ಯಾವ ಬದಲಾವಣೆಗೂ ಪಯೋಮೆಟ್ರಾವನ್ನೇ ಮೊದಲು ಅನುಮಾನಿಸಬೇಕು. ವಯಸ್ಸಾದ ನಾಯಿಗಳಲ್ಲಿ ಬೆದೆಯ ರಕ್ತ ಬಹಳ ಕಡಿಮೆ ಇರಬಹುದು, ಗೊತ್ತೇ ಆಗದಿರಬಹುದು. ನಾಯಿಗೆ ಮುಟ್ಟು ನಿಲ್ಲುವುದು ಅಂತ ಒಂದಿಲ್ಲ, ಕೊನೆಯವರೆಗೂ ಬೆದೆ ಬರುತ್ತಲೇ ಇರುತ್ತದೆ, ಅಂತರ ಮಾತ್ರ ಉದ್ದವಾಗುತ್ತದೆ. ಹಾಗಾಗಿ "ವಯಸ್ಸಾಯ್ತು, ಇನ್ನು ಅದರ ಚಿಂತೆ ಇಲ್ಲ" ಅನ್ನುವಂತಿಲ್ಲ.

ಎರಡನೆಯದು ನೀರಿನ ಲೆಕ್ಕ. ಆರೋಗ್ಯವಾಗಿರುವ ನಾಯಿ ದಿನಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿಲಿ ನೀರು ಕುಡಿಯುತ್ತದೆ. ಅನ್ನ ಮೊಸರು, ಗಂಜಿ ತಿನ್ನುವ ನಾಯಿಗೆ ಇನ್ನೂ ಕಡಿಮೆ ಸಾಕು. ಕಿಲೋಗೆ 100 ಮಿಲಿ ದಾಟಿದರೆ ಅದನ್ನು ಸೆಕೆಯ ಬಾಯಾರಿಕೆ ಎಂದು ಬಿಡುವಂತಿಲ್ಲ. ಅಳೆಯುವುದು ಸುಲಭ. ಬೆಳಿಗ್ಗೆ ಲೀಟರ್ ಬಾಟಲಿಯಿಂದಲೇ ಬಟ್ಟಲು ತುಂಬಿ, ದಿನವಿಡೀ ಅದೇ ಬಾಟಲಿಯಿಂದ ಸುರಿಯಿರಿ, ಮಾರನೇ ಬೆಳಿಗ್ಗೆ ಉಳಿದದ್ದನ್ನು ಕಳೆಯಿರಿ. ಬಾತ್‌ರೂಮಿನ ಬಾಗಿಲು ಹಾಕಿಡಿ, ಇಲ್ಲದಿದ್ದರೆ ಬಕೆಟಿನ ನೀರು ಲೆಕ್ಕಕ್ಕೆ ಬರುವುದಿಲ್ಲ. ರಾಣಿಗೆ ಅರ್ಧ ಲೀಟರ್ ಆಸುಪಾಸು ಸಾಕಿತ್ತು, ಹಬ್ಬದ ಹಿಂದಿನ ವಾರ ಅವಳು ಒಂದೂಕಾಲು ಲೀಟರ್ ಕುಡಿಯುತ್ತಿದ್ದಳು.

ಇಷ್ಟು ನೀರು ಯಾಕೆ? ಇ. ಕೋಲಿಯ ವಿಷ ರಕ್ತದಲ್ಲಿ ಸೇರಿದಾಗ, ಉಚ್ಚೆಯಿಂದ ನೀರನ್ನು ಮತ್ತೆ ದೇಹಕ್ಕೆ ಎಳೆದುಕೊಳ್ಳುವ ಕೆಲಸ ಮೂತ್ರಪಿಂಡಕ್ಕೆ ಆಗುವುದಿಲ್ಲ. ನೀರೆಲ್ಲ ಉಚ್ಚೆಯಲ್ಲಿ ಹೋಗುತ್ತದೆ, ಅದಕ್ಕೆ ಬಾಯಾರಿಕೆ. ಆದ್ದರಿಂದ "ಗಲೀಜು ಮಾಡುತ್ತೆ" ಎಂದು ಬಟ್ಟಲು ಎತ್ತಿಡಬೇಡಿ. ನೀರು ಕಡಿಮೆ ಕೊಟ್ಟರೆ ಉಚ್ಚೆ ಕಡಿಮೆಯಾಗುವುದಿಲ್ಲ, ನಾಯಿ ಒಣಗುತ್ತದೆ ಅಷ್ಟೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆಯಲ್ಲೂ ನಾಯಿ ಹೀಗೇ ಕುಡಿಯುತ್ತದೆ. ಅವೂ ಡಾಕ್ಟರು ನೋಡಬೇಕಾದವೇ, ಆದರೆ ಗಂಟೆಗಳ ಲೆಕ್ಕದಲ್ಲಿ ಓಡಬೇಕಾದದ್ದು ಇದು. ಇನ್ನೊಂದು ಮಾತು: ನಾಯಿ ಊಟ ಬಿಟ್ಟಿದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಇಪ್ಪತ್ನಾಲ್ಕು ಗಂಟೆ ನೀರು ಅಳೆಯುತ್ತಾ ಕೂರಬೇಡಿ. ಹೊರಡಿ.

ಮೂರನೆಯದು ಬಾಲದ ಕೆಳಗೆ. ಶುಚಿಯಾದ ನಾಯಿ ಸ್ರಾವವನ್ನು ನೆಕ್ಕಿ ನೆಕ್ಕಿ ನಿಮ್ಮ ಕಣ್ಣಿಗೆ ಬೀಳದಂತೆ ಮಾಡುತ್ತದೆ. ಅದಕ್ಕೆ ಮಲಗುವ ಜಾಗದಲ್ಲಿ ಹಳೆಯ ಬಿಳಿ ಪಂಚೆ ಹಾಸಿ. ಬೆಳಿಗ್ಗೆ ನೋಡಿ. ಹಳದಿ, ಹಸಿರು, ಕಂದು, ರಕ್ತ ಬೆರೆತ ಗುಲಾಬಿ, ಯಾವ ಬಣ್ಣದ ಗಟ್ಟಿ ಅಥವಾ ನಾರುವ ಸ್ರಾವವಾದರೂ ಬೆದೆ ಮುಗಿದು ವಾರಗಳಾದ ಮೇಲೆ ಬರಬಾರದು. "ಮತ್ತೆ ಹೀಟ್‌ಗೆ ಬಂತು" ಎಂದು ಫೋನ್ ಮಾಡುವವರಿದ್ದಾರೆ. ನಾಯಿ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬೆದೆಗೆ ಬರುವ ಪ್ರಾಣಿ. ಎರಡೇ ತಿಂಗಳಿಗೆ ಮತ್ತೆ ರಕ್ತ ಕಂಡರೆ ಅದು ಬೆದೆ ಅಲ್ಲ ಎಂದೇ ಹಿಡಿಯಿರಿ.

ಜ್ವರ ನೋಡುವುದಾದರೆ ಗುದದ್ವಾರದಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟೇ ನೋಡಬೇಕು. ನಾಯಿಗೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಾಮಾನ್ಯ. ಆದರೆ ಜ್ವರ ಇಲ್ಲ ಎಂದು ನಿಶ್ಚಿಂತೆಯಾಗಿರಬೇಡಿ. ಎಷ್ಟೋ ಪಯೋಮೆಟ್ರಾ ನಾಯಿಗಳಿಗೆ ಜ್ವರ ಇರುವುದಿಲ್ಲ. ತೀರಾ ಕೈಮೀರಿದ ನಾಯಿಗೆ ಮೈ ತಣ್ಣಗಾಗುವುದೂ ಉಂಟು. ಹೊಟ್ಟೆ ಉಬ್ಬಿದೆಯಾ ಎಂದು ಕಣ್ಣಲ್ಲಿ ನೋಡಿ ಸಾಕು, ಒತ್ತಿ ನೋಡಲು ಹೋಗಬೇಡಿ.

ಫೋನಿನಲ್ಲಿ ಏನು ಕೇಳಬೇಕು

ಹಬ್ಬದ ದಿನ ಹತ್ತಿರದ ಕ್ಲಿನಿಕ್ ಮುಚ್ಚಿರಬಹುದು, ಇಲ್ಲವೇ ಡಾಕ್ಟರು ಇದ್ದರೂ ಆಪರೇಷನ್ ಮಾಡುವ ತಂಡ ಇಲ್ಲದಿರಬಹುದು. ಸುಮ್ನೆ ಹೊರಡುವ ಮೊದಲು ಕೇಳಿ: ಇವತ್ತೇ ಸೋನೋಗ್ರಫಿ ಆಗುತ್ತಾ? ರಕ್ತ ಪರೀಕ್ಷೆಯ ರಿಪೋರ್ಟ್ ಇವತ್ತೇ ಸಿಗುತ್ತಾ? ಬೇಕಾದರೆ ಇವತ್ತೇ ಆಪರೇಷನ್ ಮಾಡುತ್ತೀರಾ? ರಾತ್ರಿ ನೋಡಿಕೊಳ್ಳುವವರು ಇದ್ದಾರಾ? ಒಂದಕ್ಕೆ ಇಲ್ಲ ಅಂದರೂ ಮುಂದಿನ ನಂಬರಿಗೆ ಮಾಡಿ. ಪರೇಲಿನಲ್ಲಿ ಹತ್ತೊಂಬತ್ತನೇ ಶತಮಾನದಿಂದ ಇರುವ ಬಾಯಿ ಸಕರ್‌ಬಾಯಿ ದಿನ್‌ಷಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, ಮುಂಬೈ ಪಶುವೈದ್ಯಕೀಯ ಕಾಲೇಜೂ ಅಲ್ಲೇ ಇದೆ. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನವರ ಸಣ್ಣ ಪ್ರಾಣಿಗಳ ಆಸ್ಪತ್ರೆ 2024ರಲ್ಲಿ ಶುರುವಾಗಿದೆ. ಕಲ್ಯಾಣ, ಡೊಂಬಿವಲಿ, ವಸಾಯಿ ಕಡೆಯವರು ಹಬ್ಬದ ಟ್ರಾಫಿಕ್ಕಿನಲ್ಲಿ ಅಲ್ಲಿಯವರೆಗೆ ಹೋಗುವ ಬದಲು ಠಾಣೆ, ನವಿ ಮುಂಬೈಯಲ್ಲಿ ಆಪರೇಷನ್ ಮಾಡುವ ಕ್ಲಿನಿಕ್ಕನ್ನು ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ನಾಯಿಗೆ ಊಟ ಕೊಡಬೇಡಿ, ಅರಿವಳಿಕೆ ಕೊಡಬೇಕಾಗಬಹುದು. ನೀರು ಇರಲಿ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಮೊದಲೇ ಸೋತ ಮೂತ್ರಪಿಂಡ ಮತ್ತು ಯಕೃತ್ತಿಗೆ ಅವು ಇನ್ನಷ್ಟು ಹೊಡೆತ. ಉಬ್ಬಿದ ಹೊಟ್ಟೆ ಅದುಮದಂತೆ ಬೆಡ್‌ಶೀಟಿನಲ್ಲಿ ಮಲಗಿಸಿ, ಇಬ್ಬರು ಅಂಚು ಹಿಡಿದು ಎತ್ತಿ.

ಆಸ್ಪತ್ರೆಯಲ್ಲಿ

ಸೋನೋಗ್ರಫಿಯಲ್ಲಿ ವಿಷಯ ಸಾಮಾನ್ಯವಾಗಿ ಬೇಗ ಗೊತ್ತಾಗುತ್ತದೆ. ಪೆನ್ಸಿಲ್ ದಪ್ಪ ಇರಬೇಕಾದ ಗರ್ಭಕೋಶದ ಎರಡು ಕೊಂಬುಗಳು ದ್ರವ ತುಂಬಿ ಅಗಲವಾಗಿ ಕಾಣುತ್ತವೆ. ಮರಿ ಇದೆಯಾ ಎಂಬುದೂ ಅದರಲ್ಲೇ ತಿಳಿಯುತ್ತದೆ. ರಕ್ತ ಪರೀಕ್ಷೆ ರೋಗ ಎಷ್ಟು ಮುಂದೆ ಹೋಗಿದೆ ಎಂದು ಹೇಳುತ್ತದೆ. ರಾಣಿಯ ಬಿಳಿ ರಕ್ತಕಣ 42,000 ಇತ್ತು, ಸಾಮಾನ್ಯವಾಗಿ 17,000ದ ಒಳಗಿರಬೇಕು. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.9, ಸ್ವಲ್ಪ ಹೆಚ್ಚು. ಜ್ವರ 103.4.

ನೇರವಾಗಿ ಆಪರೇಷನ್ ಟೇಬಲ್ಲಿಗೆ ಹಾಕುವುದಿಲ್ಲ. ಒಣಗಿದ, ವಿಷ ಏರಿದ ನಾಯಿಗೆ ಹಾಗೆಯೇ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಕುಸಿಯುತ್ತದೆ. ರಾಣಿಗೆ ಸುಮಾರು ನಾಲ್ಕು ಗಂಟೆ ಸಲೈನ್, ರಕ್ತನಾಳದಲ್ಲಿ ಆ್ಯಂಟಿಬಯಾಟಿಕ್, ನೋವಿಗೆ ಇಂಜೆಕ್ಷನ್ ಕೊಟ್ಟೆವು. ಸಂಜೆ ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆದೆವು. ತೆಗೆದ ಗರ್ಭಕೋಶ 900 ಗ್ರಾಂ ತೂಗಿತು, ಅವಳ ಮೈತೂಕದ ಹತ್ತನೇ ಒಂದು ಭಾಗ. ಸಲೈನ್ ಹಾಕುವ ಈ ಕೆಲವು ಗಂಟೆಗಳು ಬೇಕೇ ಬೇಕು. ಆದರೆ "ಮೂರು ದಿನ ಸಲೈನ್ ಕೊಟ್ಟು ಆಮೇಲೆ ನೋಡೋಣ" ಎಂಬುದು ಬೇರೆ ಮಾತು. ಕೀವಿನ ಚೀಲ ಒಳಗಿರುವವರೆಗೆ ವಿಷ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅಂತಹ ಸಲಹೆ ಸಿಕ್ಕಿದರೆ ಕಾರಣ ಕೇಳಿ, ಇನ್ನೊಬ್ಬ ಡಾಕ್ಟರನ್ನು ಅದೇ ದಿನ ಕಾಣಿ.

ಮಾತ್ರೆಯಲ್ಲಿ ಹೋಗಲ್ವಾ ಎಂದು ಹತ್ತರಲ್ಲಿ ಒಂಬತ್ತು ಜನ ಕೇಳುತ್ತಾರೆ. ಆ್ಯಂಟಿಬಯಾಟಿಕ್ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಹಿಡಿಯಬಹುದು. ಮುಕ್ಕಾಲು ಲೀಟರ್ ಕೀವನ್ನು ಅದು ಒಣಗಿಸುವುದಿಲ್ಲ, ಹಾಳಾದ ಒಳಪದರವನ್ನು ಸರಿ ಮಾಡುವುದೂ ಇಲ್ಲ. ನಾಲ್ಕು ದಿನ ಚುರುಕಾದಂತೆ ಕಂಡು ಮತ್ತೆ ಮಲಗುತ್ತದೆ. ಗರ್ಭಕೋಶ ಕುಗ್ಗಿಸಿ ಕೀವು ಹೊರಹಾಕಿಸುವ ಹಾರ್ಮೋನು ಚಿಕಿತ್ಸೆ ಇದೆ, ನಿಜ. ಅದು ಮರಿ ಬೇಕಾದ, ಎಳೆಯ, ಗರ್ಭಕೋಶದ ಬಾಯಿ ತೆರೆದಿರುವ, ಗಟ್ಟಿಯಾಗಿರುವ ನಾಯಿಗೆ ಮಾತ್ರ, ಅದೂ ಡಾಕ್ಟರ ಕಣ್ಣೆದುರು. ಬಾಯಿ ಮುಚ್ಚಿದ ಗರ್ಭಕೋಶವನ್ನು ಪ್ರೊಸ್ಟಾಗ್ಲಾಂಡಿನ್ ಎಂಬ ಆ ಔಷಧ ಕೊಟ್ಟು ಹಿಂಡಿದರೆ ಅದು ಒಡೆಯಬಹುದು. ವಾಸಿಯಾದರೂ ಮುಂದಿನ ಬೆದೆಗಳಲ್ಲಿ ಮರಳುವ ಸಾಧ್ಯತೆ ಜಾಸ್ತಿ. ಹತ್ತು ವರ್ಷದ ನಾಯಿಗೆ ನಾನು ಅದರ ಮಾತೇ ಎತ್ತುವುದಿಲ್ಲ.

ಇನ್ನು "ಈ ವಯಸ್ಸಲ್ಲಿ ಅನಸ್ತೇಶಿಯಾ ತಡೆದುಕೊಳ್ಳುತ್ತಾ?" ಎಂಬ ಭಯ. ಅಕ್ಕನ ಯಜಮಾನರೂ ಇದನ್ನೇ ಕೇಳಿದರು. ಅಪಾಯ ಇಲ್ಲ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಗರ್ಭಕೋಶ ಒಡೆಯುವ ಮೊದಲು, ಸಲೈನ್ ಕೊಟ್ಟು ಸರಿಯಾಗಿ ಆಪರೇಷನ್ ಮಾಡಿದ ನಾಯಿಗಳಲ್ಲಿ ನೂರಕ್ಕೆ ಸುಮಾರು 95 ಬದುಕುತ್ತವೆ. ಒಡೆದ ಮೇಲೆ ಆ ಲೆಕ್ಕ ಬಹಳ ಕೆಳಗೆ ಬೀಳುತ್ತದೆ. ಆಪರೇಷನ್ ಮಾಡದೆ ಬಿಟ್ಟರೆ ಮುಚ್ಚಿದ ಪಯೋಮೆಟ್ರಾ ನಾಯಿಯನ್ನು ಕೊಲ್ಲುತ್ತದೆ. ಇಲ್ಲಿ ವಯಸ್ಸಿಗಿಂತ ಎಷ್ಟು ದಿನ ತಡವಾಯಿತು ಎಂಬುದೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಖರ್ಚಿನ ಅಂದಾಜನ್ನು ಪರೀಕ್ಷೆ, ಆಪರೇಷನ್, ರಾತ್ರಿ ಉಳಿಸಿಕೊಳ್ಳುವುದು ಎಂದು ಬಿಡಿಸಿ ಬರೆದು ಕೊಡಲು ಕೇಳಿ, ಅದರಲ್ಲಿ ಸಂಕೋಚ ಬೇಡ.

ಮನೆಗೆ ಬಂದ ಮೇಲೆ

ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಊಟ ಶುರುವಾಗಬೇಕು. ರಾಣಿ ಎರಡನೇ ದಿನ ಮೊಸರನ್ನ ತಿಂದಳು. ಬಾಯಾರಿಕೆ ಕ್ರಮೇಣ ಇಳಿಯುತ್ತದೆ, ಹಾಗಾಗಿ ಬಾಟಲಿ ಲೆಕ್ಕವನ್ನು ಇನ್ನೆರಡು ವಾರ ಮುಂದುವರಿಸಿ. ಇಳಿಯದಿದ್ದರೆ ಮೂತ್ರಪಿಂಡವನ್ನು ಮತ್ತೆ ಪರೀಕ್ಷಿಸಬೇಕು. ಹೊಲಿಗೆ ಬಿಚ್ಚುವವರೆಗೆ, ಅಂದರೆ ಹತ್ತರಿಂದ ಹದಿನಾಲ್ಕು ದಿನ, ಕುತ್ತಿಗೆಯ ಕೋನ್ ತೆಗೆಯಬೇಡಿ. ಪಾಪ ಅನ್ನಿಸುತ್ತದೆ, ಆದರೆ ಹೊಲಿಗೆ ಕೀಳಲು ನಾಯಿಗೆ ಐದು ನಿಮಿಷ ಸಾಕು. ಸ್ನಾನ ಬೇಡ, ಸೋಫಾ ಹತ್ತುವುದು ಬೇಡ. ಲಿಫ್ಟ್ ಇಲ್ಲದ ಕಟ್ಟಡವಾದರೆ ಮೆಟ್ಟಿಲಲ್ಲಿ ಎತ್ತಿಕೊಂಡೇ ಇಳಿಸಿ.

ಒಸಡು ಬಿಳಿಚಿದರೆ, ಮತ್ತೆ ಮತ್ತೆ ವಾಂತಿಯಾದರೆ, ಗಾಯದಿಂದ ದ್ರವ ಸುರಿದರೆ, ಹೊಟ್ಟೆ ಮತ್ತೆ ಉಬ್ಬಿದರೆ ರಾತ್ರಿಯಾದರೂ ಫೋನ್ ಮಾಡಿ. ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನ ಕೊಡಿ, ಉಳಿದ ಸ್ಟ್ರಿಪ್ಪನ್ನು ಪಕ್ಕದ ಮನೆಯ ನಾಯಿಗೆ ದಾನ ಮಾಡಬೇಡಿ. ರಾಣಿಯ ಕ್ರಿಯಾಟಿನಿನ್ ಹತ್ತನೇ ದಿನ 1.1ಕ್ಕೆ ಬಂದಿತ್ತು, ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದೆವು.

ಮನೆಯಲ್ಲಿ ಇನ್ನೊಂದು ಹೆಣ್ಣು ನಾಯಿ ಇದ್ದು, ಅದು ಆರೋಗ್ಯವಾಗಿದ್ದರೆ, ಸ್ಪೇ ಮಾಡಿಸಲು ಬೆದೆಯ ಮಧ್ಯದ ದಿನಗಳನ್ನು ಆರಿಸಬೇಡಿ, ಆಗ ರಕ್ತದ ಹರಿವು ಜಾಸ್ತಿ. ಬೆದೆ ಮುಗಿದ ಎರಡು ಮೂರು ತಿಂಗಳ ನಂತರ ಹಾರ್ಮೋನು ಇಳಿದಿರುತ್ತದೆ, ಅದು ಒಳ್ಳೆಯ ಸಮಯ. ಗಣಪತಿಗೆ ಬೆದೆಗೆ ಬಂದ ನಾಯಿಗೆ ಡಿಸೆಂಬರ್ ಸರಿಹೋಗುತ್ತದೆ. ಆರು ವರ್ಷ ದಾಟಿದ್ದರೆ ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆಯ ಜತೆ ಒಂದು ಸೋನೋಗ್ರಫಿಯನ್ನೂ ಮಾಡಿಸಿ. ಅದರಲ್ಲಿ ಕೀವು ಕಂಡರೆ ಡಿಸೆಂಬರ್ ತನಕ ಕಾಯುವಂತಿಲ್ಲ, ಆಪರೇಷನ್ ಅವತ್ತೇ.